ಕಣ್ಣೆತ್ತರದ ಬಾಡಿಗೆ

ಸಾಗರದ ಪೇಟೆಯಲ್ಲಿ ನಮ್ಮ ಮನೆಗೆ ದಿನಸಿ ಬರುತ್ತಿದ್ದ ಅಂಗಡಿಯಲ್ಲಿ ಗಿರಾಕಿಗೆ ಸಾಮಾನು ಕಾಣಿಸುತ್ತಲೇ ಇರಲಿಲ್ಲ. ಕಾಣಿಸುತ್ತಿದ್ದವರು ಶೆಟ್ಟರು. ಅವರ ಮುಂದೆ ತಕ್ಕಡಿ, ಹಿಂದೆ ಗೋಣಿಚೀಲಗಳ ಕತ್ತಲೆ. ಚೀಟಿಯಲ್ಲಿ ತೊಗರಿಬೇಳೆ ಎಂದು ಬರೆದಿದ್ದರೂ ಶೆಟ್ಟರು ಕನ್ನಡಕ ಮೇಲೇರಿಸಿ, ‘ಈ ಸಲದ ತೊಗರಿ ಬೇಯದಿಲ್ಲ, ಹೆಸರುಬೇಳೆ ತಗಂಡ್ ಹೋಗಿ’ ಎಂದರೆ ಮುಗಿಯಿತು, ಒಂದು ತಿಂಗಳು ಮನೆಯಲ್ಲಿ ಹೆಸರುಬೇಳೆಯದೇ ಸಾರು. ಆ ಹೆಸರುಬೇಳೆಯ ಹಿಂದೆ ಯಾವ ಸಗಟು ವ್ಯಾಪಾರಿಯ ‘ಹನ್ನೆರಡಕ್ಕೆ ಒಂದು ಫ್ರೀ’ ಇತ್ತೋ, ಅದು ಶೆಟ್ಟರಿಗೂ ಅವರು ದಿನಾ ಊದುಬತ್ತಿ ಬೆಳಗುತ್ತಿದ್ದ ಲಕ್ಷ್ಮಿಯ ಪಟಕ್ಕೂ ಮಾತ್ರ ಗೊತ್ತಿದ್ದ ವಿಷಯ. ನಮಗೆ ಅದನ್ನು ಕೇಳಬೇಕೆಂದೂ ಹೊಳೆದಿರಲಿಲ್ಲ.

ಈಗ ಸೂಪರ್‌ಮಾರ್ಕೆಟ್ಟಿನಲ್ಲಿ ಎಲ್ಲವೂ ಕಾಣಿಸುತ್ತದೆ. ನಾಲ್ಕು ಬಗೆಯ ತೊಗರಿಬೇಳೆ ಬೆಳಕಿನಲ್ಲಿ ಸಾಲಾಗಿ ನಿಂತಿರುತ್ತದೆ, ಬೇಯುವುದೋ ಇಲ್ಲವೋ ಹೇಳಲು ಯಾರೂ ಇರುವುದಿಲ್ಲ. ಅಮೆರಿಕದ ಮೆಂಫಿಸ್ ಊರಿನಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ಪುಣ್ಯಾತ್ಮ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದು, ಗಿರಾಕಿಗಳೇ ಬುಟ್ಟಿ ಹಿಡಿದು ಒಳಗೆ ಓಡಾಡಲಿ ಎಂದು ಬಿಟ್ಟ. ಅಲ್ಲಿಯವರೆಗೆ ಗುಮಾಸ್ತ ಸಾಮಾನು ತೆಗೆದುಕೊಡಬೇಕಿತ್ತು. ಗುಮಾಸ್ತನ ಸಂಬಳ ಉಳಿಸುವುದು ಸಾಂಡರ್ಸನ ಉದ್ದೇಶವಾಗಿತ್ತು. ಆದರೆ ಗುಮಾಸ್ತನ ಜೊತೆಗೆ ಅವನ ನಾಲಿಗೆಯೂ ಅಂಗಡಿಯಿಂದ ಹೋಯಿತು. ‘ಇದನ್ನು ತಗೊಳ್ಳಿ’ ಎಂದು ಹೇಳುವವರು ಯಾರೂ ಉಳಿಯದಿದ್ದ ಮೇಲೆ ಆ ಕೆಲಸ ಶೆಲ್ಫಿನ ಪಾಲಿಗೆ ಬಂತು. ಶೆಲ್ಫಿಗೆ ಮಾತು ಬರುತ್ತದೆ ಎಂದು ಗೊತ್ತಾದ ಮೇಲೆ ಅದರ ಮಾತಿಗೆ ದರ ನಿಗದಿಯಾಗಲು ತಡವಾಗಲಿಲ್ಲ.

ಈ ದರದ ಪರಿಚಯ ನನಗಾದದ್ದು ನಮ್ಮ ಭಾವನಿಂದ. ಅಕ್ಕನ ಗಂಡ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿಸಿ ಮಾರುವವನು. ಮಿಡಿ ಆರಿಸುವುದರಲ್ಲಿ, ಉಪ್ಪಿನಲ್ಲಿ ಹಾಕಿ ಕಾಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಲೆಕ್ಕ ಮಾತ್ರ ಅವನಿಗೆ ಮಳೆಗಾಲದ ರಸ್ತೆ. ಎಲ್ಲಿ ಗುಂಡಿ ಎಂದು ಕಾಲಿಟ್ಟ ಮೇಲೆಯೇ ತಿಳಿಯುತ್ತದೆ. ಬ್ಯಾಂಕಿನಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ಸುಮ್ಮನೆ ಕೂತಿದ್ದ ನನಗೆ ಅವನ ಕಡತಗಳು ಬಂದು ಸೇರಿದವು. ‘ಅಲ್ಲೇ ಇದ್ದೀಯಲ್ಲ ಮಾರಾಯ, ಒಂಚೂರು ನೋಡು. ಬಾಟಲಿ ಚೆನ್ನಾಗಿ ಹೋಗ್ತಾ ಇದೆ ಅಂತಾರೆ, ದುಡ್ಡು ಮಾತ್ರ ಬರ್ತಾ ಇಲ್ಲ’ ಎಂದ. ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್ ಸರಪಳಿಯ ಐದು ಮಳಿಗೆಗಳಿಗೆ ಅವನ ಸರಕು ಹೋಗುತ್ತಿತ್ತು. ಅದರ ಹೆಸರು ಇಲ್ಲಿ ಬೇಡ. ಭಾವ ಇನ್ನೂ ಅಲ್ಲಿಗೆ ಸರಕು ಕಳಿಸುತ್ತಿದ್ದಾನೆ.

ಲೆಕ್ಕ ನೋಡುವ ಮೊದಲು ಸ್ಥಳ ನೋಡಬೇಕಲ್ಲ. ಅದಕ್ಕೆ ಸಿಕ್ಕವನು ನನ್ನ ತಂಗಿಯ ಮಗ. ಒಂದು ಬಿಸ್ಕತ್ತು ಕಂಪನಿಯಲ್ಲಿ ಮರ್ಚಂಡೈಸರ್ ಆಗಿದ್ದು ಈಗ ಮೇಲಕ್ಕೇರಿದ್ದಾನೆ. ಮರ್ಚಂಡೈಸರ್ ಎಂದರೆ ಕಂಪನಿಯ ಸಂಬಳ ತಿಂದು ಅಂಗಡಿಯವರ ಶೆಲ್ಫ್ ಒರೆಸುವವನು. ದಿನಕ್ಕೆ ಕೆಲವು ಮಳಿಗೆ ಸುತ್ತಿ ತನ್ನ ಕಂಪನಿಯ ಪ್ಯಾಕುಗಳ ಧೂಳು ತೆಗೆದು, ಹಳೆಯ ತಾರೀಖಿನವನ್ನು ಮುಂದಕ್ಕೆ, ಹೊಸತನ್ನು ಹಿಂದಕ್ಕೆ ಸರಿಸಿ, ಖಾಲಿ ಜಾಗ ತುಂಬಿ, ಒಂದು ಫೋಟೋ ತೆಗೆದು ಮೇಲಧಿಕಾರಿಗೆ ಕಳಿಸಿ ಮುಂದಿನ ಮಳಿಗೆಗೆ ಹೋಗಬೇಕು. ಪಕ್ಕದ ಕಂಪನಿಯ ಪ್ಯಾಕನ್ನು ಮೊಣಕೈಯಿಂದ ಎರಡು ಇಂಚು ಆಚೆಗೆ ತಳ್ಳುವುದು ಕೆಲಸದ ಪಟ್ಟಿಯಲ್ಲಿ ಇರುವುದಿಲ್ಲ. ಆದರೂ ನಡೆಯುತ್ತದೆ. ಮಧ್ಯಾಹ್ನ ಆ ಕಂಪನಿಯ ಹುಡುಗ ಬಂದು ಎರಡೂವರೆ ಇಂಚು ಈಚೆಗೆ ತಳ್ಳುತ್ತಾನೆ. ಇಬ್ಬರೂ ಹೊರಗೆ ಒಟ್ಟಿಗೆ ಬೈಟು ಕಾಫಿ ಕುಡಿಯುತ್ತಾರೆ.

‘ಮಾವ, ಮೊದಲು ನಿಮ್ಮ ಕಣ್ಣು ಎಲ್ಲಿ ಹೋಗುತ್ತೆ ನೋಡ್ಕೊಳ್ಳಿ’ ಎಂದು ಅವನು ಉಪ್ಪಿನಕಾಯಿ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದ. ನನ್ನ ಕಣ್ಣು ಹೋದದ್ದು ಮೇಲಿನಿಂದ ಎರಡನೆಯ ಅಥವಾ ಮೂರನೆಯ ಹಲಗೆಗೆ, ಅಂದರೆ ಎದೆಯಿಂದ ಕಣ್ಣಿನವರೆಗಿನ ಎತ್ತರಕ್ಕೆ. ಮನುಷ್ಯ ನಡೆಯುವಾಗ ನೇರ ಮುಂದಕ್ಕಿಂತ ಸ್ವಲ್ಪ ಕೆಳಗೇ ನೋಡುತ್ತಾನಂತೆ. ನಮ್ಮಲ್ಲಿ ದಿನಸಿ ಆರಿಸುವವರು ಹೆಚ್ಚಾಗಿ ಹೆಂಗಸರು, ಅವರ ಸರಾಸರಿ ಎತ್ತರ ಐದು ಅಡಿಯ ಆಸುಪಾಸು. ಹಾಗಾಗಿ ನನಗೆ ಎದೆಯೆತ್ತರವಾಗಿದ್ದದ್ದು ನನ್ನ ತಂಗಿಗೆ ಕಣ್ಣೆತ್ತರ. ಚಿನ್ನದಂಥ ಜಾಗ ಅದೇ. ಅಲ್ಲಿ ಯಾವ ಬ್ರ್ಯಾಂಡು, ಎಷ್ಟು ಮುಖ ಎಂದು ಬರೆದ ನಕ್ಷೆಯೊಂದು ಇರುತ್ತದೆ, ಅದಕ್ಕೆ ಪ್ಲಾನೋಗ್ರಾಮ್ ಎನ್ನುತ್ತಾರೆ. ಮುಖ ಎಂದರೆ ಎದುರಿಗೆ ಕಾಣುವ ಬಾಟಲಿ. ಹಿಂದೆ ಹತ್ತು ಅಡಗಿದ್ದರೂ ಅದು ಒಂದೇ ಮುಖ, ಒಂದು ಫೇಸಿಂಗ್. ದೊಡ್ಡ ಕಂಪನಿಗೆ ಎಂಟು ಫೇಸಿಂಗ್ ಇತ್ತು. ಅದರ ಪಕ್ಕಕ್ಕೇ ಅಂಗಡಿಯವರ ಸ್ವಂತ ಬ್ರ್ಯಾಂಡು, ಹೆಚ್ಚುಕಡಿಮೆ ಅದೇ ಬಣ್ಣದ ಮುಚ್ಚಳ, ಬೆಲೆ ಹತ್ತು ರೂಪಾಯಿ ಕಡಿಮೆ. ಹೆಸರಾಂತ ಬಾಟಲಿಗೆ ಚಾಚಿದ ಕೈ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹೊರಳಲಿ ಎಂದು ಈ ನೆರೆಹೊರೆ.

ಭಾವನ ಅಪ್ಪೆಮಿಡಿ ಎಲ್ಲಿ? ಕೆಳಗಿನಿಂದ ಮೊದಲನೆಯ ಹಲಗೆಯಲ್ಲಿ, ಐದು ಕೆಜಿ ಡಬ್ಬಗಳ ಬಗಲಲ್ಲಿ, ಒಂದೇ ಫೇಸಿಂಗ್. ಅದನ್ನು ನೋಡಲು ನಾನು ನೆಲಕ್ಕೆ ಕೂರಬೇಕಾಯಿತು. ಏಳುವಾಗ ಅಳಿಯ ಕೈ ಕೊಟ್ಟ.

ಕೆಳಹಲಗೆಯಲ್ಲಿ ಇರಬೇಕಾದವು ಬೇರೆಯೇ ಇವೆ. ಹತ್ತು ಕೆಜಿ ಗೋಧಿಹಿಟ್ಟಿನ ಚೀಲ, ಉಪ್ಪು, ಸಕ್ಕರೆ: ಎಲ್ಲಿಟ್ಟರೂ ಜನ ಹುಡುಕಿಕೊಂಡು ಹೋಗುವಂಥವು, ಮೇಲಿಟ್ಟರೆ ಬಿದ್ದು ಕಾಲು ಮುರಿಯುವಂಥವು. ಮಕ್ಕಳ ಚಾಕೊಲೇಟು ಮಾತ್ರ ಬೇಕೆಂದೇ ಕೆಳಗೆ, ಬಿಲ್ ಮಾಡುವ ಕೌಂಟರಿನ ಪಕ್ಕ, ಸರದಿಯಲ್ಲಿ ನಿಂತ ತಾಯಿಗೆ ಓಡಿಹೋಗಲು ದಾರಿ ಇಲ್ಲದ ಕಡೆ. ಇಂಗ್ಲೆಂಡಿನ ಸರ್ಕಾರ 2022ರ ಅಕ್ಟೋಬರಿನಿಂದ ಹೆಚ್ಚು ಕೊಬ್ಬು, ಸಕ್ಕರೆ, ಉಪ್ಪಿನ ತಿನಿಸುಗಳನ್ನು ದೊಡ್ಡ ಅಂಗಡಿಗಳ ಬಾಗಿಲ ಬಳಿ, ಸಾಲುಗಳ ತುದಿಯಲ್ಲಿ, ಬಿಲ್ ಕೌಂಟರಿನಲ್ಲಿ ಇಡಬಾರದೆಂದು ಕಾನೂನು ಮಾಡಿದೆ. ಜಾಗಕ್ಕೆ ಇರುವ ಶಕ್ತಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಕಂಪನಿಯೂ ಕೊಡಲಾರದು.

ಸಾಲುಗಳ ತುದಿ ಎಂದೆನಲ್ಲ, ಅದಕ್ಕೇ ಎಂಡ್ ಕ್ಯಾಪ್ ಎನ್ನುವುದು. ಉದ್ದ ಸಾಲಿನ ತಲೆಯಲ್ಲಿ, ಮುಖ್ಯ ದಾರಿಗೆ ಎದುರಾಗಿ ನಿಂತ ಅಡ್ಡ ಶೆಲ್ಫ್. ಉಪ್ಪಿನಕಾಯಿ ಸಾಲಿಗೆ ಬರುವವನು ಉಪ್ಪಿನಕಾಯಿ ಬೇಕಾದವನು ಮಾತ್ರ. ತುದಿಯ ಮುಂದೆ ಹಾದುಹೋಗುವವರು ಎಲ್ಲರೂ. ಹಾಲು, ಮೊಸರು, ತರಕಾರಿಗೆ ಬಂದವರೂ ಅದನ್ನು ದಾಟಿಯೇ ಹೋಗಬೇಕು. ಮನೆ ಬಾಡಿಗೆಗೆ ಕೊಡುವಂತೆ ಅಂಗಡಿಯವರು ಈ ತುದಿಗಳನ್ನು ತಿಂಗಳ ಲೆಕ್ಕದಲ್ಲಿ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, ಯಾಕೆಂದರೆ ಕಾನೂನಿನ ಕಣ್ಣಿಗೆ ಅದೊಂದು ಸೇವೆ. ನೆಲದ ಮೇಲೆ ಪೇರಿಸುವ ರಾಶಿಗೆ ಒಂದು ದರ, ಬಾಗಿಲ ಬಳಿಯ ರಾಶಿಗೆ ಇನ್ನೊಂದು, ಕೌಂಟರಿನ ಪಕ್ಕದ್ದಕ್ಕೆ ಮತ್ತೊಂದು. ದೀಪಾವಳಿಯ ತಿಂಗಳು ದರ ಬೇರೆ. ಹೊಸ ಸರಕನ್ನು ಮೊದಲ ಸಲ ಕಂಪ್ಯೂಟರಿಗೆ ಸೇರಿಸಿಕೊಳ್ಳಲು ಪ್ರವೇಶದ ಹಣ. ಅದಕ್ಕೆ ಲಿಸ್ಟಿಂಗ್ ಫೀ ಎಂದು ಹೆಸರು.

ಅಂಗಡಿಯವರನ್ನು ಬೈಯುವ ಮುನ್ನ ಅವರ ಕಷ್ಟವನ್ನೂ ಹೇಳಬೇಕು. ಬೆಂಗಳೂರಿನ ಮುಖ್ಯರಸ್ತೆಯ ಕಟ್ಟಡದ ಬಾಡಿಗೆ, ದಿನವಿಡೀ ಓಡುವ ಏಸಿ, ಫ್ರಿಜ್ಜುಗಳ ಕರೆಂಟು, ನಿಂತೇ ಇರುವ ಹುಡುಗ ಹುಡುಗಿಯರ ಸಂಬಳ. ಬೇಳೆ, ಅಕ್ಕಿ, ಎಣ್ಣೆಯಲ್ಲಿ ಅವರಿಗೆ ಉಳಿಯುವುದು ಅತ್ಯಲ್ಪ. ಪ್ರತಿ ಅಡಿ ಶೆಲ್ಫೂ ದುಡಿಯಲೇಬೇಕು. ಸರಕು ಮಾರಿ ದುಡಿಯದಿದ್ದರೆ ಸರಕು ತೋರಿಸಿ ದುಡಿಯುತ್ತದೆ. ನನಗೆ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಲೆಕ್ಕ ಬಿಚ್ಚಿದ ಮೇಲೆ ತಲೆ ತಿರುಗಿತು, ಅದು ಬೇರೆ ಮಾತು.

ಭಾವನಿಗೆ ಸರಪಳಿಯ ಖರೀದಿ ಅಧಿಕಾರಿ ಹೇಳಿದ್ದು ಇಷ್ಟು: ‘ನಿಮ್ಮ ಸರಕು ಕೆಳಗೆ ಬಿದ್ದು ಧೂಳು ತಿನ್ನುತ್ತಿದೆ. ಒಂದು ತಿಂಗಳು ಐದೂ ಮಳಿಗೆಯಲ್ಲಿ ಎಂಡ್ ಕ್ಯಾಪ್ ತಗೊಳ್ಳಿ, 20 ಪರ್ಸೆಂಟ್ ಆಫರ್ ಹಾಕೋಣ. ಮೂರು ಪಟ್ಟು ಓಡುತ್ತೆ.’ ಓಡಿತು ಕೂಡ. ಆತ ಸುಳ್ಳು ಹೇಳಿರಲಿಲ್ಲ. ಹೇಗೆ ಓಡಿತು ಎಂಬುದನ್ನು ತೆರಿಗೆ ಪಕ್ಕಕ್ಕಿಟ್ಟು, ಅಂಕಿಗಳನ್ನು ಸುಲಭವಾಗುವಂತೆ ಸ್ವಲ್ಪ ಸವರಿ ಹೇಳುತ್ತೇನೆ. ವ್ಯಾಪಾರದ ಗುಟ್ಟು ಹೊರಹಾಕಿದ ಎಂದು ಭಾವ ಮುನಿಸಿಕೊಳ್ಳಬಾರದು ನೋಡಿ.

ಮುನ್ನೂರು ಗ್ರಾಮಿನ ಬಾಟಲಿ. ಮೇಲೆ ಅಚ್ಚಾದ ಎಂಆರ್‌ಪಿ 150 ರೂಪಾಯಿ. ಅಂಗಡಿಯವರ ಮಾರ್ಜಿನ್ 33. ಉಳಿದ 117ಕ್ಕೆ ಭಾವ ಬಿಲ್ ಮಾಡುತ್ತಾನೆ. ಮಿಡಿ, ಉಪ್ಪು, ಖಾರ, ಬಾಟಲಿ, ಕೂಲಿ, ಸಾಗಣೆ ಎಲ್ಲ ಸೇರಿ ಅವನ ಖರ್ಚು 85. ಬಾಟಲಿಗೆ 32 ರೂಪಾಯಿ ಉಳಿತಾಯ. ಮಾಮೂಲು ತಿಂಗಳಲ್ಲಿ ಮಳಿಗೆಗೆ ನಲವತ್ತರಂತೆ 200 ಬಾಟಲಿ ಹೋಗುತ್ತಿತ್ತು, ಅಂದರೆ 6,400 ರೂಪಾಯಿ. ಶ್ರೀಮಂತಿಕೆಯಲ್ಲ, ಆದರೆ ನಷ್ಟವೂ ಅಲ್ಲ.

ಆಫರ್ ತಿಂಗಳು. ಗಿರಾಕಿಗೆ 30 ರೂಪಾಯಿ ಕಡಿಮೆ. ಅದರಲ್ಲಿ ಅಂಗಡಿಯವರು 10 ಬಿಟ್ಟರು, ಭಾವ 20 ಬಿಟ್ಟ. ಅಂಗಡಿಯವರು ಹತ್ತು ಬಿಟ್ಟದ್ದು ಔದಾರ್ಯವೇ ಸರಿ, ಎಷ್ಟೋ ಕಡೆ ಪೂರ್ತಿ ಮೂವತ್ತೂ ತಯಾರಕನ ತಲೆಗೇ ಬರುತ್ತದೆ. ಈಗ ಭಾವನಿಗೆ ಬಾಟಲಿಗೆ ಉಳಿಯುವುದು 12. ಮಾರಾಟ ಮೂರು ಪಟ್ಟು ಏರಿ 600 ಬಾಟಲಿ ಆಯಿತು: 7,200 ರೂಪಾಯಿ. ಇಲ್ಲಿಗೆ ನಿಲ್ಲಿಸಿದರೆ ಎಂಟುನೂರು ರೂಪಾಯಿ ಲಾಭ, ಜೊತೆಗೆ ನಾನೂರು ಹೆಚ್ಚು ಬಾಟಲಿಯ ಓಡಾಟದ ಸುಸ್ತು. ಆದರೆ ಎಂಡ್ ಕ್ಯಾಪಿನ ಬಾಡಿಗೆ ಮಳಿಗೆಗೆ 3,000ದಂತೆ 15,000 ಇದೆಯಲ್ಲ? ಅದನ್ನು ಕಳೆದರೆ 7,800 ರೂಪಾಯಿ ನಷ್ಟ. ಮಾಮೂಲಿನಂತೆ ಕೆಳಹಲಗೆಯಲ್ಲಿ ಧೂಳು ತಿನ್ನುತ್ತಿದ್ದರೆ 6,400 ಬರುತ್ತಿತ್ತು. ಅಂದರೆ ಮೂರು ಪಟ್ಟು ಮಾರಿದ ಸಂಭ್ರಮದ ಬೆಲೆ 14,200.

‘ಹಾಗಾದರೆ ಎಷ್ಟು ಮಾರಿದ್ದರೆ ಸಮ ಆಗ್ತಿತ್ತು?’ ಎಂದು ಭಾವ ಫೋನಿನಲ್ಲಿ ಕೇಳಿದ. ಬಾಡಿಗೆಯ ಹದಿನೈದು ಸಾವಿರಕ್ಕೆ ಮಾಮೂಲು ಉಳಿತಾಯ ಕೂಡಿಸಿ ಹನ್ನೆರಡರಿಂದ ಭಾಗಿಸಿದೆ. ಸುಮಾರು 1,783 ಬಾಟಲಿ. ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಷ್ಟು ಮಿಡಿ ನಮ್ಮ ಸೀಮೆಯಲ್ಲಿ ಸಿಕ್ಕಬೇಕಲ್ಲೋ’ ಎಂದ.

ಇದರೊಳಗೆ ಇನ್ನೂ ಒಂದು ಸೂಕ್ಷ್ಮ ಇದೆ. ಆ ಆರುನೂರರಲ್ಲಿ ಇನ್ನೂರು ಬಾಟಲಿ ಹೇಗಿದ್ದರೂ ಹೋಗುತ್ತಿತ್ತು, ಪೂರ್ತಿ ಬೆಲೆಗೆ. ನೆಲಕ್ಕೆ ಕೂತಾದರೂ ಅಪ್ಪೆಮಿಡಿ ಹುಡುಕಿ ಒಯ್ಯುವ ಮಲೆನಾಡಿನ ಜನ ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಭಾವ ತಲಾ 20 ರೂಪಾಯಿಯಂತೆ ನಾಲ್ಕು ಸಾವಿರ ಸುಮ್ಮನೆ ಹಂಚಿದಂತಾಯಿತು. ಅವರು ಸುಮ್ಮನೆ ಪಡೆದು ಕೂರಲಿಲ್ಲ, ಕೆಲವರು ಒಂದರ ಬದಲು ಮೂರು ಒಯ್ದರು. ಉಪ್ಪಿನಕಾಯಿ ಕೆಡುವ ವಸ್ತುವಲ್ಲ, ಕಪಾಟಿನಲ್ಲಿ ವರ್ಷವಿಡೀ ಕೂರುತ್ತದೆ. ಹಾಗಾಗಿ ಮುಂದಿನ ತಿಂಗಳು ಮಾರಾಟ 200ಕ್ಕೆ ವಾಪಸು ಬರುವ ಬದಲು 120ಕ್ಕೆ ಇಳಿಯಿತು. ಆಫರಿನ ತಿಂಗಳ ಏರಿಕೆಯಲ್ಲಿ ಒಂದು ಪಾಲು ನಾಳಿನ ಮಾರಾಟವನ್ನು ಇಂದೇ ಕಡಿಮೆ ಬೆಲೆಗೆ ಮಾರಿದ್ದು. ಮೊಸರು, ಬ್ರೆಡ್ಡಿನಂಥ ಎರಡು ದಿನದ ಸರಕಿಗೆ ಈ ಕಾಟ ಕಡಿಮೆ. ಚಿಪ್ಸಿಗಂತೂ ಇಲ್ಲವೇ ಇಲ್ಲ ಎನ್ನಬಹುದು: ಮನೆಯಲ್ಲಿ ನಾಲ್ಕು ಪ್ಯಾಕೆಟ್ ಇದ್ದರೆ ನಾಲ್ಕೂ ಆ ಸಂಜೆಯೇ ಖಾಲಿ. ಉಪ್ಪಿನಕಾಯಿ, ಸೋಪು, ಟೂತ್‌ಪೇಸ್ಟು ಹಾಗಲ್ಲ. ರಿಯಾಯಿತಿ ಇದೆ ಎಂದು ಯಾರೂ ದಿನಕ್ಕೆ ಐದು ಸಲ ಹಲ್ಲುಜ್ಜುವುದಿಲ್ಲ.

ಅಂಗಡಿಯವರ ಪಟ್ಟಿಯನ್ನೂ ನೋಡೋಣ. ಮಾಮೂಲು ತಿಂಗಳಲ್ಲಿ ಅವರಿಗೆ 200 ಬಾಟಲಿಗೆ 33ರಂತೆ 6,600. ಆಫರ್ ತಿಂಗಳಲ್ಲಿ 600 ಬಾಟಲಿಗೆ 23ರಂತೆ 13,800, ಮೇಲೆ ಬಾಡಿಗೆ 15,000. ಒಟ್ಟು 28,800. ಇದರಲ್ಲಿ ಬೇರೆ ಉಪ್ಪಿನಕಾಯಿಗಳ ಮಾರಾಟ ಕುಸಿದದ್ದನ್ನು ಕಳೆಯಬೇಕು, ಅದು ಸರಿ. ಆದರೂ ಖರೀದಿ ಅಧಿಕಾರಿಗೆ ಆಫರಿನ ಮೇಲೆ ಇರುವ ಶ್ರದ್ಧೆ ಎಲ್ಲಿಂದ ಬಂತು ಎಂದು ತಿಳಿಯಲು ಇಷ್ಟು ಸಾಕು. ಸರಕು ಮಾರುವುದರಿಂದ ಬರುವುದು ಮುಂದಿನ ಮಾರ್ಜಿನ್, ತಯಾರಕನಿಂದ ಬಾಡಿಗೆ, ರಿಯಾಯಿತಿ ಪಾಲು, ವರ್ಷದ ಕೊನೆಯ ಇನಾಮು ಎಂದೆಲ್ಲ ಬರುವುದು ಹಿಂದಿನ ಮಾರ್ಜಿನ್. ಎಷ್ಟೋ ಅಂಗಡಿಗಳು ನಿಂತಿರುವುದು ಹಿಂದಿನ ಕಾಲಿನ ಮೇಲೆ.

ನಷ್ಟದ ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ, ಏಕೆಂದರೆ ಅಂಗಡಿಯವರು ಹಣ ಕೇಳಿ ಬಿಲ್ ಕಳಿಸುವುದಿಲ್ಲ. ಡೆಬಿಟ್ ನೋಟ್ ಕಳಿಸುತ್ತಾರೆ. ಅಂದರೆ ‘ನಿಮಗೆ ಕೊಡಬೇಕಾದದ್ದರಲ್ಲಿ ನಮಗೆ ಬರಬೇಕಾದ ಇಷ್ಟನ್ನು ಹಿಡಿದುಕೊಂಡಿದ್ದೇವೆ’ ಎಂಬ ವಿನಯಪೂರ್ವಕ ತಿಳಿವಳಿಕೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ಭಾವನಿಗೆ ಹಣ ಸರಿಯಾದ ಹೊತ್ತಿಗೇ ಬರುತ್ತಿತ್ತು. ಆದರೆ ಅರ್ಧ ಬರುತ್ತಿತ್ತು, ಉಳಿದರ್ಧದ ಜಾಗದಲ್ಲಿ ಡೆಬಿಟ್ ನೋಟುಗಳ ಕಂತೆ. ಅವನು ಅವನ್ನು ರಸೀದಿ ಎಂದು ತಿಳಿದು ಜೋಪಾನವಾಗಿ ಇಟ್ಟಿದ್ದ.

ಆ ಕಂತೆಯಲ್ಲಿ ರಿಯಾಯಿತಿಯ ಪಾಲು 14,800 ಎಂದಿತ್ತು. 20 ರೂಪಾಯಿಯಂತೆ ಆರುನೂರಕ್ಕೆ ಹನ್ನೆರಡು ಸಾವಿರ ಆಗಬೇಕು. ಹೆಚ್ಚುವರಿ 2,800 ಎಲ್ಲಿಂದ? ಇದು ಹುಡುಕಲು ಕಷ್ಟವಲ್ಲ, ಯಾವ ದಿನಸಿ ಅಂಗಡಿಯ ಹುಡುಗನೂ ಮಾಡಬಲ್ಲ ಲೆಕ್ಕ. ತಿಂಗಳ ಮೊದಲ ದಿನ ಐದೂ ಮಳಿಗೆಯಲ್ಲಿ ಇದ್ದ ಸರಕು 60. ನಡುವೆ ಭಾವ ಕಳಿಸಿದ್ದು 740. ಕೊನೆಯ ದಿನ ಉಳಿದದ್ದು 200. ಕೂಡಿ ಕಳೆದರೆ ಮಾರಿದ್ದು 600. ಅವರು ರಿಯಾಯಿತಿ ಹಿಡಿದದ್ದು ಮಾರಿದ ಬಾಟಲಿಗಲ್ಲ, ಒಳಗೆ ಬಂದ 740 ಬಾಟಲಿಗೆ! ಗೋದಾಮಿನಲ್ಲಿ ಉಳಿದ ಬಾಟಲಿಗಳು ಮುಂದಿನ ತಿಂಗಳುಗಳಲ್ಲಿ 150ಕ್ಕೇ ಮಾರಿಹೋದವು, ಗಿರಾಕಿಗೆ ಒಂದು ಪೈಸೆ ರಿಯಾಯಿತಿ ಇಲ್ಲದೆ. ಅಳಿಯ ನಕ್ಕು, ‘ಮಾವ, ಅದಕ್ಕೇ ನಾವು ಒಪ್ಪಂದದಲ್ಲೇ ಬರೆಸ್ತೀವಿ, ಬಿಲ್ಲಿಂಗ್ ಡೇಟಾ ಕೊಟ್ಟ ಮೇಲೆ ಮಾತ್ರ ಕ್ಲೇಮು ಅಂತ’ ಎಂದ. ಭಾವನ ಒಪ್ಪಂದ ಇದ್ದದ್ದು ವಾಟ್ಸ್ಯಾಪಿನಲ್ಲಿ, ಒಂದು ಹೆಬ್ಬೆರಳಿನ ಚಿತ್ರದ ರೂಪದಲ್ಲಿ.

ಕೆಡುವ ದಾರಿಗಳು ಇನ್ನೂ ಇವೆ. ಬಾಡಿಗೆ ಒಂದನೆಯ ತಾರೀಖಿನಿಂದ, ಎಂಡ್ ಕ್ಯಾಪು ತೆರವಾಗುವುದು ಆರನೆಯ ತಾರೀಖಿಗೆ, ಏಕೆಂದರೆ ಹಿಂದಿನ ಬಾಡಿಗೆದಾರನ ನೂಡಲ್ಸ್ ಇನ್ನೂ ಅಲ್ಲೇ ಇದೆ. ಇಲ್ಲವೇ ಬೋರ್ಡಿನಲ್ಲಿ ಆಫರ್ ಇದೆ, ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಇಲ್ಲ. ಗಿರಾಕಿ ಮನೆಗೆ ಹೋಗಿ ಬಿಲ್ ನೋಡಿ ಬೈಯುವುದು ಉಪ್ಪಿನಕಾಯಿಯವನನ್ನು. ಇಲ್ಲವೇ ಬೆಳಗ್ಗೆ ಫೋಟೋಗೆ ನಿಂತ ರಾಶಿ ಮಧ್ಯಾಹ್ನದ ಹೊತ್ತಿಗೆ ಕಂಬದ ಹಿಂದೆ ಸರಿದಿರುತ್ತದೆ. ಅಳಿಯನ ಕಂಪನಿ ಇದಕ್ಕೆಂದೇ ಶನಿವಾರ ಸಂಜೆ ಏಳರ ಹೊತ್ತಿಗೆ ಒಬ್ಬನನ್ನು ಸುಮ್ಮನೆ ಗಿರಾಕಿಯಂತೆ ಕಳಿಸುತ್ತದೆ. ವಾರದ ವ್ಯಾಪಾರದಲ್ಲಿ ದೊಡ್ಡ ಪಾಲು ಆ ಹೊತ್ತಿನದು, ಸರಕು ಖಾಲಿಯಾಗುವುದೂ ಆಗಲೇ. ಖಾಲಿ ಎಂಡ್ ಕ್ಯಾಪಿಗೂ ಬಾಡಿಗೆ ಓಡುತ್ತಲೇ ಇರುತ್ತದೆ.

ಈ ಹಿಂದಿನ ಕಾಲಿನ ಹಣ ಎಷ್ಟು ಜಾರುವಂಥದ್ದು ಎಂದರೆ ಅಂಗಡಿಯವರೇ ಜಾರಿ ಬಿದ್ದದ್ದುಂಟು. ಬ್ರಿಟನ್ನಿನ ಟೆಸ್ಕೊ 2014ರ ಸೆಪ್ಟೆಂಬರಿನಲ್ಲಿ ತಾನು ಅಂದಾಜಿಸಿದ್ದ ಅರ್ಧವರ್ಷದ ಲಾಭದಲ್ಲಿ 25 ಕೋಟಿ ಪೌಂಡ್ ಹೆಚ್ಚಾಗಿ ತೋರಿಸಿಬಿಟ್ಟಿದ್ದೇನೆ ಎಂದು ಪ್ರಕಟಿಸಿತು. ಆಗಿನ ಲೆಕ್ಕದಲ್ಲಿ ನಮ್ಮ ಎರಡು ಸಾವಿರ ಕೋಟಿ ರೂಪಾಯಿಗೂ ಮೀರಿ. ಕಾರಣದ ಮುಖ್ಯ ಭಾಗ ಇದೇ: ತಯಾರಕರಿಂದ ಮುಂದೆ ಬರಲಿರುವ ಆಫರ್ ಹಣವನ್ನು ಬರುವ ಮೊದಲೇ ಆದಾಯ ಎಂದು ಬರೆದುಕೊಂಡದ್ದು. 2016ರಲ್ಲಿ ಅಲ್ಲಿನ ದಿನಸಿ ವ್ಯಾಪಾರದ ನ್ಯಾಯನಿರ್ಣಾಯಕಿ ಕ್ರಿಸ್ಟೀನ್ ಟೇಕನ್, ಆ ಕಂಪನಿ ತಯಾರಕರಿಗೆ ಕೊಡಬೇಕಾದ ಹಣವನ್ನು ತಡೆಹಿಡಿದು ನಿಯಮ ಮುರಿದಿದೆ ಎಂದು ತೀರ್ಪು ಕೊಟ್ಟರು. ಅದನ್ನು ಓದಿ ಹೇಳಿದಾಗ ಭಾವನಿಗೆ ಸಮಾಧಾನವಾಯಿತು. ‘ಅವರಿಗೇ ಹಾಗಾದರೆ ನನ್ನದು ಯಾವ ಲೆಕ್ಕ’ ಎಂದ. ಅವನ ಸಮಾಧಾನದ ತರ್ಕ ನನಗೆ ಅರ್ಥವಾಗಲಿಲ್ಲ, ಸಮಾಧಾನವಾಯಿತಲ್ಲ ಎಂದು ಬಿಟ್ಟೆ.

ನನ್ನ ತಕರಾರು ಇರುವುದು ಇದರ ಮುಂದಿನ ಹಂತದಲ್ಲಿ. ಹೀಗೆ ಎರಡು ಸಲ ಕೈ ಸುಟ್ಟುಕೊಂಡ ತಯಾರಕ ಏನು ಮಾಡುತ್ತಾನೆ? ಆಫರ್ ನಿಲ್ಲಿಸುವ ಧೈರ್ಯ ಇರುವುದಿಲ್ಲ, ನಿಲ್ಲಿಸಿದರೆ ಆ ಜಾಗಕ್ಕೆ ಇನ್ನೊಬ್ಬ ಬಂದು ಕೂರುತ್ತಾನೆ. ಆದ್ದರಿಂದ ಎಂಆರ್‌ಪಿ ಏರಿಸುತ್ತಾನೆ. ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರಬಾರದು ಎಂದಷ್ಟೇ ಕಾನೂನು. ಎಷ್ಟು ಅಚ್ಚು ಹಾಕಬೇಕೆಂದು ಉಪ್ಪಿನಕಾಯಿಯಂಥ ಸರಕಿಗೆ ಯಾರೂ ಹೇಳುವುದಿಲ್ಲ. 150 ಇದ್ದದ್ದನ್ನು 185 ಮಾಡಿ, 20 ಪರ್ಸೆಂಟ್ ಕಡಿಮೆ ಎಂದು ಹಳದಿ ಚೀಟಿ ಅಂಟಿಸಿದರೆ 148ಕ್ಕೆ ಬರುತ್ತದೆ. ಬೆಂಗಳೂರಿನ ಗಿರಾಕಿ ಹಳದಿ ಚೀಟಿ ನೋಡಿ ಹಿಗ್ಗುತ್ತಾನೆ. ಅವನಿಗೆ ದಕ್ಕಿದ ರಿಯಾಯಿತಿ ನಿಜಕ್ಕೂ ಎರಡು ರೂಪಾಯಿ. ಆದರೆ ಎಂಆರ್‌ಪಿ ಎಂಬುದು ಒಂದೇ ಪ್ಯಾಕಿಗೆ ದೇಶಕ್ಕೆಲ್ಲ ಒಂದೇ. ಒಂದೇ ಸರಕಿಗೆ ಎರಡು ಎಂಆರ್‌ಪಿ ಹಾಕಿ ಆಟವಾಡಬಾರದೆಂದು 2018ರಿಂದ ನಿಯಮವೂ ಇದೆ. ಹಾಗಾಗಿ ಸಾಗರದ ಪೇಟೆಯಲ್ಲಿ, ಎಂಡ್ ಕ್ಯಾಪೂ ಇಲ್ಲದ, ಹಳದಿ ಚೀಟಿಯೂ ಇಲ್ಲದ ಅಂಗಡಿಯಲ್ಲಿ ಅದೇ ಬಾಟಲಿ 185ಕ್ಕೆ ಹೋಗುತ್ತದೆ. ಬೆಂಗಳೂರಿನ ಶೆಲ್ಫಿನ ಬಾಡಿಗೆಯನ್ನು ಆ ಶೆಲ್ಫನ್ನು ಕಣ್ಣಿನಲ್ಲೇ ಕಾಣದವರು ಕಟ್ಟುತ್ತಾರೆ. ಒಂದು ಕೊಂಡರೆ ಒಂದು ಉಚಿತ ಎನ್ನುವಾಗ ಆ ಉಚಿತದ ದುಡ್ಡು ಯಾರ ಜೇಬಿನದು ಎಂದು ನನ್ನನ್ನು ಕೇಳಿದರೆ, ಬಹುಪಾಲು ತಾಲ್ಲೂಕು ಕೇಂದ್ರದ್ದು ಎನ್ನುತ್ತೇನೆ.

ದೊಡ್ಡ ಕಂಪನಿಗಳು ಇದಕ್ಕೆ ಇನ್ನೊಂದು ದಾರಿ ಕಂಡುಕೊಂಡಿವೆ. ಸೂಪರ್‌ಮಾರ್ಕೆಟ್ಟಿಗೆಂದೇ ಬೇರೆ ತೂಕದ ಪ್ಯಾಕು ಮಾಡಿದರೆ ಅದು ಬೇರೆ ಸರಕು, ಬೇರೆ ಎಂಆರ್‌ಪಿ. ಹೊರನೋಟಕ್ಕೆ ಅದೇ ಬಾಟಲಿ, ಒಳಗೆ 300ರ ಬದಲು 275 ಗ್ರಾಂ. ಇದಕ್ಕೆ ಮದ್ದು ಕೂಡ ಪ್ಯಾಕಿನ ಮೇಲೇ ಇದೆ. ಈಚೆಗೆ ಪ್ಯಾಕಿನ ಮೇಲೆ ಗ್ರಾಮಿಗೆ ಅಥವಾ ಕೆಜಿಗೆ ಎಷ್ಟು ಎಂಬ ಬೆಲೆಯನ್ನೂ ಅಚ್ಚು ಹಾಕಲೇಬೇಕು. 150 ರೂಪಾಯಿಗೆ 300 ಗ್ರಾಂ ಎಂದರೆ ಗ್ರಾಮಿಗೆ 50 ಪೈಸೆ, 275 ಆದರೆ ಸುಮಾರು 55 ಪೈಸೆ. ಹಳದಿ ಚೀಟಿ ಬಿಟ್ಟು ಅದನ್ನು ಓದಬೇಕು. ಇರುವೆಯ ಸಾಲಿನಷ್ಟು ಸಣ್ಣ ಅಕ್ಷರ, ಎಂಆರ್‌ಪಿಯ ಪಕ್ಕ. ನನ್ನ ತಂಗಿ ಈಗ ಫೋನಿನ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ ಓದುತ್ತಾಳೆ. ಅಂಗಡಿಯ ಕಾವಲುಗಾರ ಅವಳನ್ನು ಪ್ರತಿಸ್ಪರ್ಧಿ ಕಂಪನಿಯವಳೆಂದು ಒಮ್ಮೆ ತಡೆದಿದ್ದ.

ಭಾವ ಎಂಆರ್‌ಪಿ ಏರಿಸಲಿಲ್ಲ. ಧರ್ಮಬುದ್ಧಿ ಎಂದು ನಾನು ಹೇಳಲಾರೆ. ಊರಿನಲ್ಲಿ ಬೆಲೆ ಏರಿಸಿದರೆ ದೇವಸ್ಥಾನದ ಊಟದ ಪಂಕ್ತಿಯಲ್ಲೇ ಕೇಳುತ್ತಾರೆ. ಎಂಡ್ ಕ್ಯಾಪನ್ನೂ ಬಿಟ್ಟ. ಬದಲಿಗೆ ಅಳಿಯ ಒಂದು ಉಪಾಯ ಕೊಟ್ಟ. ಸಾಲಿನಲ್ಲಿ ಜಾಗ ಹುಡುಕುವ ಬದಲು ಉಪ್ಪಿನಕಾಯಿ ನೆನಪಾಗುವ ಜಾಗ ಹುಡುಕಬೇಕು. ಅದು ಮೊಸರಿನ ಫ್ರಿಜ್ಜು. ಮೊಸರಿನ ಪ್ಯಾಕೆಟ್ ಕೈಗೆತ್ತಿಕೊಂಡ ಬ್ಯಾಚುಲರ್ ಹುಡುಗನ ಕಣ್ಣ ಮುಂದೆ ಒಂದು ಪ್ಲಾಸ್ಟಿಕ್ ಪಟ್ಟಿ ತೂಗಬೇಕು, ಅದಕ್ಕೆ ಹನ್ನೆರಡು ಕೊಕ್ಕೆ, ಪ್ರತಿ ಕೊಕ್ಕೆಗೆ ಐವತ್ತು ಗ್ರಾಮಿನ ಒಂದು ಪುಟ್ಟ ಪ್ಯಾಕೆಟ್, ಬೆಲೆ 30 ರೂಪಾಯಿ. ಇದಕ್ಕೆ ಕ್ಲಿಪ್ ಸ್ಟ್ರಿಪ್ ಎನ್ನುತ್ತಾರೆ. ಗ್ರಾಮಿಗೆ 60 ಪೈಸೆ, ಬಾಟಲಿಗಿಂತ ತುಟ್ಟಿ. ಆದರೆ ಅಲ್ಲಿ ನಿಂತು ಗ್ರಾಮಿನ ಲೆಕ್ಕ ಹಾಕುವವರಿಲ್ಲ. ರಿಯಾಯಿತಿ ಇಲ್ಲ, ಬಾಡಿಗೆ ಇಲ್ಲ. ಪಟ್ಟಿ ತೂಗಿಸಲು ಮಳಿಗೆಯ ಮ್ಯಾನೇಜರುಗಳಿಗೆ ಅಳಿಯನೇ ಹೇಳಿದ. ಅವರಿಗೆ ಭಾವ ಒಂದೊಂದು ಬಾಟಲಿ ಕೊಟ್ಟ, ಅದು ಯಾವ ಕಡತದಲ್ಲೂ ಇಲ್ಲ.

ಅದು ಓಡಿತು. ಮೂರು ಪಟ್ಟೇನೂ ಅಲ್ಲ. ಆದರೆ ಪುಟ್ಟ ಪ್ಯಾಕೆಟ್ ತಿಂದವರಲ್ಲಿ ಕೆಲವರು ಬಾಟಲಿ ಹುಡುಕಿಕೊಂಡು ಕೆಳಹಲಗೆಗೆ ಇಳಿದರು ಎನ್ನಲು ಲೆಕ್ಕದಲ್ಲಿ ಆಧಾರ ಇದೆ: ಆಫರಿಲ್ಲದೆಯೇ ಬಾಟಲಿಯ ಮಾರಾಟ ಮೆಲ್ಲಗೆ ಏರಿ 260ಕ್ಕೆ ಬಂದು ನಿಂತಿತು. ಭಾವ ಅಳಿಯನಿಗೆ ಅಪ್ಪೆಹುಳಿಯ ಊಟ ಹಾಕಿಸಿದ.

ಮೊನ್ನೆ ಸರಪಳಿಯ ಮುಖ್ಯ ಕಚೇರಿಯಿಂದ ಈ ವರ್ಷದ ದರಪಟ್ಟಿ ಮೇಲ್‌ನಲ್ಲಿ ಬಂದಿದೆ. ಎಂಡ್ ಕ್ಯಾಪ್, ನೆಲದ ರಾಶಿ, ಕೌಂಟರ್ ಪಕ್ಕದ ಸ್ಟ್ಯಾಂಡ್, ಎಲ್ಲವೂ ಹಿಂದಿನಂತೆ. ಕೊನೆಯಲ್ಲಿ ಹೊಸದಾಗಿ ಒಂದು ಸಾಲು: ಕ್ಲಿಪ್ ಸ್ಟ್ರಿಪ್, ಮೊಸರಿನ ಫ್ರಿಜ್ಜಿನ ಪಕ್ಕ, ಮಳಿಗೆಗೆ ತಿಂಗಳಿಗೆ 800 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಭಾವನಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವನ ಫೋನು ಬಂತು. ‘ಮೊಸರಿನ ಪಕ್ಕ ದುಡ್ಡಾದರೆ, ಮಜ್ಜಿಗೆ ಪಕ್ಕ ಹೇಗೆ ಅಂತ ಸ್ವಲ್ಪ ಕೇಳ್ತೀಯಾ?’